ಕ್ರಯಪತ್ರದ ಮೂರು ಚೆಕ್ಕುಗಳು ಮತ್ತು ಪಾಸಿಟಿವ್ ಪೇ ನೋಂದಣಿ

2025ರ ನವೆಂಬರ್ ತಿಂಗಳಲ್ಲಿ ನಾನು ಮತ್ತು ನನ್ನ ಹೆಂಡತಿ ದಾವಣಗೆರೆಯ ಶಾಮನೂರು ರಸ್ತೆಯ ಕಡೆ ಒಂದು ನಿವೇಶನವನ್ನು ಕೊಂಡೆವು. ಬೆಲೆ 32 ಲಕ್ಷ ರೂಪಾಯಿ. ಮಾರಿದವರು ಮೂವರು: ಯಜಮಾನರು ತೀರಿಕೊಂಡ ಮೇಲೆ ಆಸ್ತಿಗೆ ಹಕ್ಕುದಾರರಾದ ತಾಯಿ, ಮಗ ಮತ್ತು ಮದುವೆಯಾಗಿ ಚಿತ್ರದುರ್ಗದಲ್ಲಿ ನೆಲೆಸಿರುವ ಮಗಳು. ಸೆಪ್ಟೆಂಬರ್ ತಿಂಗಳಲ್ಲಿ ಕರಾರು ಪತ್ರವಾದಾಗ ತಾಯಿಯ ಹೆಸರಿಗೆ 2 ಲಕ್ಷ ರೂಪಾಯಿಯ ಮುಂಗಡ ಚೆಕ್ ಕೊಟ್ಟಿದ್ದೆವು. ಉಳಿದ 30 ಲಕ್ಷವನ್ನು ಕ್ರಯಪತ್ರದ ದಿನ ತಾಯಿಗೆ 12 ಲಕ್ಷ, ಮಗ ಮತ್ತು ಮಗಳಿಗೆ ತಲಾ 9 ಲಕ್ಷದಂತೆ ಮೂರು ಚೆಕ್ಕುಗಳಲ್ಲಿ ಕೊಡುವುದೆಂದು ಮಾತಾಯಿತು. ಬ್ಯಾಂಕಿನ ಸಾಲ ತೆಗೆದುಕೊಂಡಿರಲಿಲ್ಲ. ನಿವೃತ್ತಿಯಾದಾಗ ಬಂದ ಹಣ ಮತ್ತು ಠೇವಣಿಯನ್ನು ಸೇರಿಸಿ ಕೊಳ್ಳುತ್ತಿದ್ದುದರಿಂದ ಚೆಕ್ ಬರೆಯುವುದು, ಚೆಕ್ಕಿನ ವಿವರವನ್ನು ನಮ್ಮ ಬ್ಯಾಂಕಿಗೆ ಮೊದಲೇ ತಿಳಿಸುವ ಪಾಸಿಟಿವ್ ಪೇ ವ್ಯವಸ್ಥೆಯಲ್ಲಿ ಅದನ್ನು ನೋಂದಾಯಿಸುವುದು, ಕೊನೆಗೆ ಅದು ಪಾಸಾಗುವಂತೆ ನೋಡಿಕೊಳ್ಳುವುದು ಎಲ್ಲವೂ ನಮ್ಮ ಮೇಲೆಯೇ ಇತ್ತು.

ಇಷ್ಟು ದೊಡ್ಡ ಮೊತ್ತವನ್ನು ಆರ್‌ಟಿಜಿಎಸ್ ಮೂಲಕ ಕಳಿಸಬಾರದಿತ್ತೇ ಎಂದು ನಂಟರು ಕೇಳಿದ್ದುಂಟು. ನಗದಿನ ಮಾತಂತೂ ಬರುವುದಿಲ್ಲ, ಏಕೆಂದರೆ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಆರ್‌ಟಿಜಿಎಸ್ ವಿಷಯದಲ್ಲಿ ತೊಡಕು ಬೇರೆ. ಹಣ ಕೈಸೇರುವ ಮೊದಲು ರುಜು ಹಾಕಲು ಮಾರುವವರಿಗೆ ಮನಸ್ಸಿರುವುದಿಲ್ಲ, ರುಜು ಬೀಳುವ ಮೊದಲು ಹಣ ಕಳಿಸಲು ಕೊಳ್ಳುವವರಿಗೆ ಧೈರ್ಯವಿರುವುದಿಲ್ಲ. ಉಪನೋಂದಣಾಧಿಕಾರಿಯ ಎದುರಿನಲ್ಲಿ ಒಂದು ಕೈಯಿಂದ ರುಜು, ಇನ್ನೊಂದು ಕೈಗೆ ಚೆಕ್ ಎನ್ನುವ ಪದ್ಧತಿ ನಮ್ಮ ಕಡೆ ಇನ್ನೂ ಉಳಿದಿರುವುದು ಇದೇ ಕಾರಣಕ್ಕೆ. ಆದರೆ ಈ ಪದ್ಧತಿಯಲ್ಲಿ ಚೆಕ್ಕಿನ ಸಂಖ್ಯೆ, ದಿನಾಂಕ, ಮೊತ್ತ ಎಲ್ಲವೂ ಕ್ರಯಪತ್ರದೊಳಗೆ ಅಚ್ಚಾಗುತ್ತವೆ. ಒಮ್ಮೆ ಅಚ್ಚಾದ ಮೇಲೆ ಆ ಚೆಕ್ಕನ್ನು ಹರಿದು ಇನ್ನೊಂದು ಬರೆದುಕೊಟ್ಟರಾಯಿತು ಎನ್ನುವಷ್ಟು ಸಲೀಸಾದ ದಾರಿ ಉಳಿಯುವುದಿಲ್ಲ. ಪಾಸಿಟಿವ್ ಪೇ ನೋಂದಣಿಯನ್ನು ನಾವು ಅಷ್ಟು ಎಚ್ಚರಿಕೆಯಿಂದ ಮಾಡಬೇಕಾಗಿ ಬಂದದ್ದು ಇದರಿಂದಲೇ.

ನಿಯಮ ಇಷ್ಟು. ಭಾರತೀಯ ರಿಸರ್ವ್ ಬ್ಯಾಂಕು 2020ರ ಸೆಪ್ಟೆಂಬರ್ 25ರಂದು ಹೊರಡಿಸಿದ ಸುತ್ತೋಲೆಯಂತೆ 2021ರ ಜನವರಿ 1ರಿಂದ ಈ ವ್ಯವಸ್ಥೆ ಜಾರಿಗೆ ಬಂತು. 50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ ಕೊಡುವ ಪ್ರತಿಯೊಬ್ಬ ಖಾತೆದಾರರಿಗೂ ಬ್ಯಾಂಕು ಈ ಸೌಲಭ್ಯವನ್ನು ಒದಗಿಸಬೇಕು. ಬಳಸುವುದು ಬಿಡುವುದು ಖಾತೆದಾರರ ಇಚ್ಛೆ. ಆದರೆ 5 ಲಕ್ಷ ಮತ್ತು ಮೇಲ್ಪಟ್ಟ ಚೆಕ್ಕುಗಳಿಗೆ ಅದನ್ನು ಕಡ್ಡಾಯ ಮಾಡುವ ಅಧಿಕಾರ ಬ್ಯಾಂಕುಗಳಿಗಿದೆ, ನಮ್ಮ ಬ್ಯಾಂಕು ಕಡ್ಡಾಯ ಮಾಡಿತ್ತು. ಹಾಗಾಗಿ ನಮ್ಮ ಮೂರು ಚೆಕ್ಕುಗಳಲ್ಲಿ ಯಾವುದನ್ನು ನೋಂದಾಯಿಸದೆ ಬಿಟ್ಟಿದ್ದರೂ, ಖಾತೆಯಲ್ಲಿ ಹಣ ತುಂಬಿ ತುಳುಕುತ್ತಿದ್ದರೂ, ಅದು ಹಣವಾಗದೆ ಹಿಂದಿರುಗುತ್ತಿತ್ತು.

ಈ ನೋಂದಣಿ ಯಾಕೆ ಬೇಕೆಂಬುದು ನನಗೆ ಸರಿಯಾಗಿ ತಿಳಿದದ್ದು ಶಾಖೆಯಲ್ಲಿ ಕ್ಲಿಯರಿಂಗ್ ನೋಡಿಕೊಳ್ಳುವ ಅಧಿಕಾರಿಯೊಬ್ಬರು ತಮ್ಮ ಪರದೆಯನ್ನು ನನ್ನತ್ತ ತಿರುಗಿಸಿ ತೋರಿಸಿದಾಗ. ನಾವು ಕೊಟ್ಟ ಚೆಕ್ ಬೇರೆ ಬ್ಯಾಂಕಿನಲ್ಲಿ ಜಮಾ ಆದರೆ ಆ ಕಾಗದ ಈಗ ನಮ್ಮ ಬ್ಯಾಂಕಿಗೆ ಬರುವುದೇ ಇಲ್ಲ. ಅದು ಜಮಾ ಆದ ಬ್ಯಾಂಕಿನಲ್ಲೇ ಉಳಿಯುತ್ತದೆ. ನಮ್ಮ ಬ್ಯಾಂಕಿಗೆ ಬರುವುದು ಚೆಕ್ಕಿನ ಮುಂಬದಿಯ ಎರಡು ಚಿತ್ರಗಳು, ಹಿಂಬದಿಯ ಒಂದು ಚಿತ್ರ, ಜೊತೆಗೆ ಚೆಕ್ಕಿನ ಕೆಳಗಿನ ಅಂಕೆಗಳ ಸಾಲು ಮತ್ತು ಮೊತ್ತದ ವಿವರ ಮಾತ್ರ. ಅತಿನೇರಳೆ ದೀಪದ ಕೆಳಗಷ್ಟೇ ಹೊಳೆಯುವ ಬ್ಯಾಂಕಿನ ಗುರುತು, ಕಾಗದದ ನೀರುಗುರುತು, ರಾಸಾಯನಿಕ ಹಚ್ಚಿ ಅಕ್ಷರ ಅಳಿಸಿದರೆ ಉಳಿಯುವ ಕಲೆ, ಇವನ್ನೆಲ್ಲ ಕಾಗದ ಕೈಯಲ್ಲಿರುವವರು ನೋಡಬಲ್ಲರೇ ಹೊರತು ಹಣ ಕೊಡಬೇಕಾದ ಬ್ಯಾಂಕಿನವರು ನೋಡಲಾರರು. ಅವರ ಮುಂದೆ ಇರುವುದು ಕಪ್ಪು ಬಿಳುಪಿನ ಚಿತ್ರ ಮತ್ತು ನಮ್ಮ ಮಾದರಿ ರುಜು. ಚೆನ್ನಾಗಿ ನಕಲು ಮಾಡಿದ ಚೆಕ್ ಆ ಚಿತ್ರದಲ್ಲಿ ಅಸಲಿಯಂತೆಯೇ ಕಾಣಬಹುದು. ಚೆಕ್ ಬರೆದವರೇ ಸಂಖ್ಯೆ, ದಿನಾಂಕ, ಮೊತ್ತ ಮತ್ತು ಪಡೆಯುವವರ ಹೆಸರನ್ನು ಬೇರೊಂದು ದಾರಿಯಲ್ಲಿ ಮೊದಲೇ ತಿಳಿಸಿದ್ದರೆ, ಬಂದ ಚೆಕ್ಕಿನ ವಿವರವನ್ನು ಅದಕ್ಕೆ ತಾಳೆ ಹಾಕಬಹುದು. ತಾಳೆಯಾಗದಿದ್ದರೆ ವ್ಯವಸ್ಥೆಯು ಎರಡೂ ಬ್ಯಾಂಕುಗಳಿಗೆ ಅದನ್ನು ಎತ್ತಿ ತೋರಿಸುತ್ತದೆ. ಅವರ ವಿವರಣೆ ಕೇಳಿದ ಮೇಲೆ ಇದು ಇನ್ನೊಂದು ಸುಮ್ಮನೆ ತುಂಬುವ ಫಾರಂ ಎನ್ನುವ ಭಾವನೆ ನನ್ನಲ್ಲಿ ಉಳಿಯಲಿಲ್ಲ.

ಸೆಪ್ಟೆಂಬರಿನ ಮುಂಗಡ ಚೆಕ್ 2 ಲಕ್ಷದ್ದಾದ್ದರಿಂದ ಅದಕ್ಕೆ ನೋಂದಣಿ ಕಡ್ಡಾಯವಿರಲಿಲ್ಲ. ಆದರೂ ಮಾಡಿದೆ. ದೊಡ್ಡ ಚೆಕ್ಕುಗಳ ಹೊತ್ತಿಗೆ ಆ ಪರದೆ ಪರಿಚಯವಾಗಿರಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅದೇ ಸುತ್ತೋಲೆಯಲ್ಲಿದೆ: ಚೆಕ್ಕಿನ ಬಗ್ಗೆ ಮುಂದೆ ತಕರಾರು ಎದ್ದರೆ, ಕ್ಲಿಯರಿಂಗ್ ವ್ಯವಸ್ಥೆಯ ವಿವಾದ ಪರಿಹಾರಕ್ಕೆ ಸ್ವೀಕರಿಸುವುದು ಪಾಸಿಟಿವ್ ಪೇ ಸೂಚನೆಗೆ ಒಳಪಟ್ಟ ಚೆಕ್ಕುಗಳನ್ನು ಮಾತ್ರ. ಐದು ನಿಮಿಷದ ಕೆಲಸಕ್ಕೆ ಸಿಗುವ ಈ ರಕ್ಷಣೆಯನ್ನು 50,000 ದಾಟಿದ ಯಾವ ಚೆಕ್ಕಿಗೂ ಬಿಟ್ಟುಕೊಡಬಾರದೆಂದು ನನಗನ್ನಿಸುತ್ತದೆ.

ನಮ್ಮ ಬ್ಯಾಂಕಿನ ಮೊಬೈಲ್ ಆ್ಯಪಿನಲ್ಲಿ ಚೆಕ್ ಸೇವೆಗಳ ಕೆಳಗೆ `Positive Pay System` ಎಂಬ ಆಯ್ಕೆ ಇತ್ತು. ಮೊದಲು ಖಾತೆಯನ್ನು ಆರಿಸಬೇಕು. ನಂತರ ಚೆಕ್ ಸಂಖ್ಯೆ. ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯಲ್ಲಿ ವಿಚಿತ್ರ ಆಕಾರದ ಅಂಕೆಗಳ ಸಾಲೊಂದಿರುತ್ತದೆಯಲ್ಲ, ಅದರಲ್ಲಿ ಎಡದಿಂದ ಮೊದಲ ಆರು ಅಂಕೆಗಳೇ ಚೆಕ್ ಸಂಖ್ಯೆ. ಮುಂದಿನ ಒಂಬತ್ತು ಅಂಕೆಗಳು ಊರು, ಬ್ಯಾಂಕು ಮತ್ತು ಶಾಖೆಯನ್ನು ಹೇಳುತ್ತವೆ. ತೀರಾ ಕೊನೆಯಲ್ಲಿ ಎರಡು ಅಂಕೆಗಳಿರುತ್ತವೆ, ನಮ್ಮ ಉಳಿತಾಯ ಖಾತೆಯ ಚೆಕ್ಕಿನಲ್ಲಿ ಅದು 31 ಎಂದಿತ್ತು. ಆ ಎರಡು ಅಂಕೆಗಳನ್ನೂ ಆ್ಯಪ್ ಕೇಳುತ್ತದೆ, ಅದು ಚೆಕ್ಕಿನ ಬಗೆಯನ್ನು ಸೂಚಿಸುವ ಸಂಕೇತ. ಬಳಿಕ ಚೆಕ್ಕಿನ ದಿನಾಂಕ, ಮೊತ್ತ, ಪಡೆಯುವವರ ಹೆಸರು. ಎಲ್ಲವನ್ನೂ ತುಂಬಿದ ಮೇಲೆ ಒಮ್ಮೆ ಪೂರ್ತಿ ತೋರಿಸಿ, ಒಪ್ಪಿದರೆ ಮೊಬೈಲಿಗೆ ಒಟಿಪಿ ಕಳಿಸಿ, ಅದನ್ನು ಹಾಕಿದ ಮೇಲೆ ಒಂದು ಉಲ್ಲೇಖ ಸಂಖ್ಯೆ ಕೊಡುತ್ತದೆ. ಆ್ಯಪ್ ಬಳಸದವರು ಶಾಖೆಯಲ್ಲಿ ಇದೇ ವಿವರಗಳ ಫಾರಂ ತುಂಬಿ, ಖಾತೆಯಲ್ಲಿರುವಂತೆಯೇ ರುಜು ಮಾಡಿ ಕೊಡಬಹುದು. ನೆಟ್ ಬ್ಯಾಂಕಿಂಗಿನಲ್ಲೂ ಇದೇ ಕ್ರಮ.

ಒಪ್ಪಿಗೆ ಕೊಡುವ ಮೊದಲಿನ ಪರದೆಯಲ್ಲಿ ಒಂದು ಎಚ್ಚರಿಕೆ ಇತ್ತು: ಒಮ್ಮೆ ಸಲ್ಲಿಸಿದ ವಿವರವನ್ನು ತಿದ್ದಲು ಅಥವಾ ಅಳಿಸಲು ಆಗುವುದಿಲ್ಲ. ಒಂದು ಚೆಕ್ ಸಂಖ್ಯೆಗೆ ಒಂದೇ ನೋಂದಣಿ. ತಪ್ಪಾದರೆ ಆ ಚೆಕ್ಕಿಗೆ ಪಾವತಿ ತಡೆ ಹಾಕಿಸಿ ಹೊಸ ಚೆಕ್ ಬರೆಯಬೇಕು. ಸಾಮಾನ್ಯ ವ್ಯವಹಾರದಲ್ಲಿ ಅದೇನೂ ದೊಡ್ಡ ಮಾತಲ್ಲ. ಕ್ರಯಪತ್ರದಲ್ಲಿ ಸಂಖ್ಯೆ ಅಚ್ಚಾದ ಮೇಲೆ ಅದೇ ದೊಡ್ಡ ಮಾತು. ಆದ್ದರಿಂದ ಕ್ರಯಪತ್ರ, ಚೆಕ್ ಮತ್ತು ನೋಂದಣಿ ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ವಿವರ ಇರುವಂತೆ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಬೇಕೆಂದು ಮುಂಚೆಯೇ ಗೊತ್ತುಮಾಡಿಕೊಂಡೆವು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಹೆಸರು. ಕ್ರಯಪತ್ರದಲ್ಲಿ ಹೆಸರು ಆಧಾರ್ ಕಾರ್ಡಿನಂತೆ ಇರಬೇಕು. ಚೆಕ್ಕಿನಲ್ಲಿ ಹೆಸರು ಪಡೆಯುವವರ ಬ್ಯಾಂಕ್ ಖಾತೆಯಲ್ಲಿರುವಂತೆ ಇರಬೇಕು, ಇಲ್ಲದಿದ್ದರೆ ಅವರ ಬ್ಯಾಂಕೇ ಜಮಾ ಮಾಡಿಕೊಳ್ಳಲು ಹಿಂದೆಮುಂದೆ ನೋಡುತ್ತದೆ. ಪಾಸಿಟಿವ್ ಪೇ ನೋಂದಣಿಯಲ್ಲಿ ಹೆಸರು ಚೆಕ್ಕಿನಲ್ಲಿರುವಂತೆಯೇ ಇರಬೇಕು. ಮೂವರ ಪಾಸ್‌ಬುಕ್ಕಿನ ಮೊದಲ ಪುಟದ ಚಿತ್ರವನ್ನು ತರಿಸಿಕೊಂಡು ನೋಡಿದರೆ ತಾಯಿಯದು ಮತ್ತು ಮಗನದು ಆಧಾರಿನಂತೆಯೇ ಇದ್ದವು. ಮಗಳದು ಹಾಗಿರಲಿಲ್ಲ. ಆಧಾರಿನಲ್ಲಿ ತವರಿನ ಇನಿಷಿಯಲ್ ಹೊತ್ತ ಹೆಸರು, ಚಿತ್ರದುರ್ಗದ ಬ್ಯಾಂಕ್ ಖಾತೆಯಲ್ಲಿ ಗಂಡನ ಹೆಸರು ಸೇರಿದ ಹೆಸರು. ಆಕೆಗೆ ಫೋನ್ ಮಾಡಿದಾಗ, "ಅಂಕಲ್, ಖಾತೆಯ ಹೆಸರು ಬದಲಾಯಿಸೋಕೆ ಕೊಟ್ಟರೆ ಎಷ್ಟು ದಿನ ಹಿಡಿಯುತ್ತೋ ಗೊತ್ತಿಲ್ಲ, ನೀವೇ ಏನಾದರೂ ದಾರಿ ನೋಡಿ" ಎಂದಳು.

ದಾರಿ ತೋರಿಸಿದವರು ನಮ್ಮ ಪತ್ರ ಬರಹಗಾರರು. ಕ್ರಯಪತ್ರದಲ್ಲಿ ಮಾರುವವರ ವಿವರ ಬರುವಲ್ಲಿ ಆಕೆಯ ಆಧಾರಿನ ಹೆಸರು ಬರೆದು, "ಉರುಫ್" ಎಂದು ಸೇರಿಸಿ, ಬ್ಯಾಂಕ್ ಖಾತೆಯ ಹೆಸರನ್ನೂ ಬರೆದರು. ಹಣದ ವಿವರ ಬರುವ ಪ್ಯಾರಾದಲ್ಲಿ ಮೂರನೆಯ ಚೆಕ್ ಯಾವ ಹೆಸರಿಗೆ ಬರೆಯಲಾಗಿದೆ ಎಂಬುದನ್ನು ಖಾತೆಯ ಹೆಸರಿನಲ್ಲೇ ಸ್ಪಷ್ಟವಾಗಿ ನಮೂದಿಸಿದರು. "ನಾಳೆ ಯಾರೂ ಇದು ಬೇರೆಯವರಿಗೆ ಕೊಟ್ಟ ದುಡ್ಡು ಅನ್ನಬಾರದು ನೋಡ್ರಿ, ಅದಕ್ಕೇ ಎರಡೂ ಹೆಸರು ಪತ್ರದಾಗೆ ಇರ್ಲಿ" ಎಂದು ಅವರು ಹೇಳಿದ್ದು ನೂರಕ್ಕೆ ನೂರು ಸರಿಯಾದ ಮಾತು. ಹೀಗೆ ಚೆಕ್ಕಿನಲ್ಲಿ ಮತ್ತು ನೋಂದಣಿಯಲ್ಲಿ ಖಾತೆಯ ಹೆಸರು, ಕ್ರಯಪತ್ರದಲ್ಲಿ ಎರಡೂ ಹೆಸರು ಎಂದು ತೀರ್ಮಾನವಾಯಿತು.

ಹೆಸರಿನಲ್ಲಿ ಇನ್ನೊಂದು ಸಣ್ಣ ತೊಡಕಿತ್ತು. ನಮ್ಮ ಆ್ಯಪಿನ ಆ ಜಾಗ ಇಂಗ್ಲಿಷ್ ಅಕ್ಷರ ಮತ್ತು ಖಾಲಿ ಜಾಗವನ್ನು ಮಾತ್ರ ಸ್ವೀಕರಿಸುತ್ತಿತ್ತು, ಚುಕ್ಕೆಯನ್ನು ಹಾಕಿದರೆ ಮುಂದಕ್ಕೇ ಹೋಗುತ್ತಿರಲಿಲ್ಲ. ಮಗನ ಹೆಸರಿಗೆ ಎರಡು ಇನಿಷಿಯಲ್‌ಗಳಿದ್ದವು, ಪಾಸ್‌ಬುಕ್ಕಿನಲ್ಲಿ ಚುಕ್ಕೆಯ ಸಮೇತ ಅಚ್ಚಾಗಿತ್ತು. ಶಾಖೆಯ ಅಧಿಕಾರಿಯನ್ನು ಕೇಳಿದೆ. ಸಂಖ್ಯೆ ಮತ್ತು ಮೊತ್ತವನ್ನು ಯಂತ್ರವೇ ತಾಳೆ ನೋಡುತ್ತದೆ, ಹೆಸರನ್ನು ತಾವು ಚಿತ್ರದಲ್ಲಿ ಕಣ್ಣಾರೆ ನೋಡುತ್ತೇವೆ, ಚುಕ್ಕೆಯಿಂದ ತೊಂದರೆಯಿಲ್ಲ, ಆದರೆ ಇನಿಷಿಯಲ್ ಹಿಂದುಮುಂದಾಗಬಾರದು, ಒಂದು ಕಡೆ ಪೂರ್ತಿ ಹೆಸರು ಇನ್ನೊಂದು ಕಡೆ ಮೊಟಕಾದ ಹೆಸರು ಇರಬಾರದು ಎಂದರು. ಚೆಕ್ಕನ್ನು ಕನ್ನಡದಲ್ಲಿ ಬರೆಯುವ ರೂಢಿ ನನಗಿದೆ, ಕನ್ನಡದಲ್ಲಿ ಬರೆದ ಚೆಕ್ಕನ್ನು ಬ್ಯಾಂಕುಗಳು ಒಪ್ಪುತ್ತವೆ. ಆದರೆ ನೋಂದಣಿಯ ಹೆಸರು ಇಂಗ್ಲಿಷಿನಲ್ಲಿ, ಚೆಕ್ಕಿನ ಹೆಸರು ಕನ್ನಡದಲ್ಲಿ ಇದ್ದು, ಆ ಚಿತ್ರ ಕನ್ನಡ ಓದಲು ಬಾರದವರ ಪರದೆಗೆ ಹೋದರೆ ತಾಳೆ ನೋಡುವುದು ಹೇಗೆ? ಈ ಮೂರು ಚೆಕ್ಕುಗಳನ್ನು ಇಂಗ್ಲಿಷಿನಲ್ಲೇ ಬರೆದೆ. ಆ ಜಾಗದಲ್ಲಿ ಕನ್ನಡ ಅಕ್ಷರಕ್ಕೂ ಎಡೆಯಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಶಾಖೆಯ ಸಲಹಾ ಪುಸ್ತಕದಲ್ಲಿ ಅದನ್ನು ಬರೆದಿದ್ದೇನೆ.

ಇನ್ನು ದಿನಾಂಕ. ಕಾವೇರಿ ತಂತ್ರಾಂಶದಲ್ಲಿ ಕ್ರಯಪತ್ರದ ಕರಡನ್ನು ಹಾಕಿ, ಉಪನೋಂದಣಾಧಿಕಾರಿ ಕಚೇರಿಯವರು ಅದನ್ನು ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಗೊತ್ತುಪಡಿಸಿಕೊಳ್ಳಬೇಕು. ನಮಗೆ ನವೆಂಬರ್ 14ರ ಶುಕ್ರವಾರ ಮಧ್ಯಾಹ್ನದ ಸಮಯ ಸಿಕ್ಕಿತು. ಚೆಕ್ಕುಗಳಿಗೆ ಅದೇ ದಿನಾಂಕ ಹಾಕಿದೆವು. ಅಂದು ಯಾವುದೋ ಕಾರಣಕ್ಕೆ ನೋಂದಣಿ ಮುಂದಕ್ಕೆ ಹೋದರೆ ಏನು ಮಾಡುವುದೆಂದು ನನ್ನ ಹೆಂಡತಿ ಕೇಳಿದಳು. ಚೆಕ್ಕಿಗೆ ಅದರ ದಿನಾಂಕದಿಂದ ಮೂರು ತಿಂಗಳ ಬಾಳಿಕೆ ಇರುವುದರಿಂದ ಸೋಮವಾರಕ್ಕೋ ಮಂಗಳವಾರಕ್ಕೋ ಹೋದರೆ ಚೆಕ್ಕಿಗೂ ಬಾಧಕವಿಲ್ಲ, ಪಾಸಿಟಿವ್ ಪೇ ನೋಂದಣಿಗೂ ಬಾಧಕವಿಲ್ಲ, ದಿನಾಂಕವನ್ನು ಮುಟ್ಟದೆ ಬಿಟ್ಟರಾಯಿತು. ವ್ಯವಹಾರವೇ ಮುರಿದುಬಿದ್ದರೂ ಚೆಕ್ ನಮ್ಮ ಕೈಯಲ್ಲೇ ಇರುತ್ತದೆ. ನೋಂದಾಯಿಸಿದ ಮಾತ್ರಕ್ಕೆ ಹಣ ಖಾತೆಯಿಂದ ಹೋಗುವುದಿಲ್ಲ, ಪ್ರತ್ಯೇಕವಾಗಿ ತೆಗೆದಿಡುವುದೂ ಇಲ್ಲ. ಹಾಗೆಯೇ ನೋಂದಾಯಿಸಿದ ಮಾತ್ರಕ್ಕೆ ಚೆಕ್ ಪಾಸಾಗುವ ಖಾತರಿಯೂ ಇಲ್ಲ. ಖಾತೆಯಲ್ಲಿ ಹಣವಿರಬೇಕು, ರುಜು ಹೊಂದಬೇಕು, ಬರಹದಲ್ಲಿ ತಿದ್ದುಪಡಿ ಇರಬಾರದು. ಠೇವಣಿಯನ್ನು ಮುರಿಸಿ 30 ಲಕ್ಷವನ್ನು ಆ ವಾರದ ಆರಂಭದಲ್ಲೇ ಉಳಿತಾಯ ಖಾತೆಗೆ ತಂದುಕೊಂಡೆವು.

ಕರಡು ಒಪ್ಪಿಗೆಯಾಗಿ, ಚೆಕ್ಕುಗಳನ್ನು ಬರೆದು, ಮೂರನ್ನೂ ಕರಡಿನ ಪಕ್ಕದಲ್ಲಿಟ್ಟು ನಾನು ಓದುತ್ತಾ ಹೋದಂತೆ ನನ್ನ ಹೆಂಡತಿ ಬೆರಳಿಟ್ಟು ತಾಳೆ ನೋಡಿದ ಮೇಲೆ, ಬುಧವಾರ ಸಂಜೆ ನೋಂದಣಿಗೆ ಕುಳಿತೆವು. ಕರಡು ಒಪ್ಪಿಗೆಯಾಗುವ ಮೊದಲೇ ನೋಂದಾಯಿಸಿದ್ದರೆ, ಹೆಸರಿನಲ್ಲೋ ಮೊತ್ತದ ಹಂಚಿಕೆಯಲ್ಲೋ ಕಚೇರಿಯವರು ಬದಲಾವಣೆ ಸೂಚಿಸಿದಾಗ ಚೆಕ್ ಹಾಳೆಗಳೇ ವ್ಯರ್ಥವಾಗುತ್ತಿದ್ದವು. ಚೆಕ್ ಕೈಬದಲಾದ ಮೇಲೆ ನೋಂದಾಯಿಸೋಣವೆಂದರೆ ಅದಕ್ಕೂ ಈಗ ಕಾಲವಿಲ್ಲ. ಮೊದಲು ಜಮಾ ಆದ ಚೆಕ್ ಮರುದಿನ ಪಾಸಾಗುತ್ತಿತ್ತು, ನಮ್ಮ ಮುಂಗಡದ ಚೆಕ್ ಹಾಗೆಯೇ ಆಗಿತ್ತು. 2025ರ ಅಕ್ಟೋಬರ್ 4ರಿಂದ ಈ ಕ್ರಮ ಬದಲಾಗಿದೆ. ನಾವು ಚೆಕ್ ಕೊಟ್ಟ ನವೆಂಬರಿನಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಜಮಾ ಆದ ಚೆಕ್ಕುಗಳು ಬಂದ ಬಂದಂತೆ ಹೋಗುತ್ತಿದ್ದವು, ಅದೇ ದಿನ ಸಂಜೆ 7ರೊಳಗೆ ಹಣ ಕೊಡಬೇಕಾದ ಬ್ಯಾಂಕು ಹೌದು ಅಥವಾ ಇಲ್ಲ ಎನ್ನಬೇಕಿತ್ತು. ಏನೂ ಹೇಳದಿದ್ದರೆ ಒಪ್ಪಿದಂತೆಯೇ ಎಣಿಕೆ. ಹಾಗಿರುವಾಗ ನೋಂದಣಿ ಕಾಣದ ದೊಡ್ಡ ಚೆಕ್ಕನ್ನು ಬ್ಯಾಂಕು ಕಾಯುತ್ತಾ ಇಟ್ಟುಕೊಳ್ಳುವುದಿಲ್ಲ, ಹಿಂದಿರುಗಿಸುತ್ತದೆ.

ನನ್ನ ಪರಿಚಯದ ಮೆಕ್ಕೆಜೋಳದ ವ್ಯಾಪಾರಿಯೊಬ್ಬರಿಗೆ ಅಕ್ಟೋಬರಿನಲ್ಲೇ ಇದರ ಬಿಸಿ ತಟ್ಟಿತ್ತು. ಬೆಳಿಗ್ಗೆ ಚೆಕ್ ಕೊಟ್ಟು ಸಂಜೆ ಅಂಗಡಿ ಮುಚ್ಚಿದ ಮೇಲೆ ನೋಂದಾಯಿಸುವುದು ಅವರ ರೂಢಿ, ಮರುದಿನದ ಕ್ಲಿಯರಿಂಗಿಗೆ ಅದು ಸಾಕಾಗುತ್ತಿತ್ತು. ಹೊಸ ಕ್ರಮ ಬಂದ ಮೇಲೆ ಹಾಗೆ ಕೊಟ್ಟ ಚೆಕ್ ನೋಂದಣಿಯಾಗುವ ಹೊತ್ತಿಗಾಗಲೇ ಪಾಸಿಟಿವ್ ಪೇ ವಿವರ ಇಲ್ಲವೆಂಬ ಕಾರಣ ಹೊತ್ತು ವಾಪಸಾಗಿತ್ತು. ಸರಕು ಕೊಟ್ಟವರಿಗೆ ಅವರ ಬ್ಯಾಂಕಿನ ಶುಲ್ಕ ಬಿತ್ತು, ಇವರಿಗೆ ಮಾರುಕಟ್ಟೆಯಲ್ಲಿ ಮಾತು ಕೇಳಬೇಕಾಯಿತು. ಜಮಾ ಆಗುವುದಕ್ಕೆ ಕನಿಷ್ಠ ಒಂದು ಪೂರ್ತಿ ಕೆಲಸದ ದಿನ ಮುಂಚೆ ನೋಂದಾಯಿಸಿ ಎಂದು ನಮ್ಮ ಶಾಖೆಯವರು ಹೇಳಿದ್ದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದ್ದು ಅವರ ಕಥೆ ಕೇಳಿಯೇ.

ಮೂರು ನೋಂದಣಿಗಳಿಗೂ ಉಲ್ಲೇಖ ಸಂಖ್ಯೆ ಬಂದರೂ ಅಲ್ಲಿಗೆ ನಿಲ್ಲಿಸಲಿಲ್ಲ. ಉಲ್ಲೇಖ ಸಂಖ್ಯೆಯ ಅರ್ಥ ವಿವರ ತಲುಪಿದೆ ಎಂಬುದಷ್ಟೇ. ಆ ಸಂಖ್ಯೆಯ ಚೆಕ್ ನಮ್ಮ ಖಾತೆಗೇ ಕೊಟ್ಟದ್ದೇ, ಈಗಾಗಲೇ ಪಾಸಾಗಿದೆಯೇ, ತಡೆ ಹಾಕಲಾಗಿದೆಯೇ ಎಂದು ಬ್ಯಾಂಕು ನೋಡಿದ ಮೇಲೆ ಸ್ಥಿತಿ ಬದಲಾಗುತ್ತದೆ. ಗುರುವಾರ ಬೆಳಿಗ್ಗೆ ಅದೇ ಪುಟದಲ್ಲಿ ಮೂರರ ಮುಂದೆಯೂ ಸ್ವೀಕೃತವಾಗಿದೆ ಎಂದು ಕಂಡಿತು. ಆ ಪುಟದ ಚಿತ್ರವನ್ನು ತೆಗೆದಿಟ್ಟುಕೊಂಡೆ. ಶುಕ್ರವಾರ ಚೆಕ್ಕುಗಳನ್ನು ಕೊಡುವ ಮೊದಲು ಮೂರರ ಮುಂಬದಿಯ ಫೋಟೋವನ್ನೂ ತೆಗೆದುಕೊಂಡೆವು. ಉಪನೋಂದಣಾಧಿಕಾರಿ ಕಚೇರಿಯ ಕೆಲಸ ಮುಗಿಯುವ ಹೊತ್ತಿಗೆ ನಾಲ್ಕು ಗಂಟೆಯಾಗುತ್ತಾ ಬಂದಿತ್ತು, ಅಂದು ಯಾರೂ ಜಮಾ ಮಾಡಲಿಲ್ಲ.

ಮರುದಿನ ತಿಂಗಳ ಮೂರನೆಯ ಶನಿವಾರ, ಬ್ಯಾಂಕುಗಳಿಗೆ ರಜೆಯಿರಲಿಲ್ಲ. ತಾಯಿಯ ಖಾತೆ ನಮ್ಮ ಬ್ಯಾಂಕಿನ ಇನ್ನೊಂದು ಶಾಖೆಯಲ್ಲೇ ಇತ್ತು. ಅಂಥ ಚೆಕ್ ಕ್ಲಿಯರಿಂಗಿಗೆ ಹೋಗುವುದೇ ಇಲ್ಲ, ಬ್ಯಾಂಕಿನೊಳಗೇ ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ. ಹಾಗೆಂದು ಅದಕ್ಕೆ ನೋಂದಣಿ ಬೇಡವೆಂದು ತಿಳಿಯುವಂತಿಲ್ಲ. ಕ್ಲಿಯರಿಂಗಿನ ಹೊರಗೆ ಪಾಸಾಗುವ ಚೆಕ್ಕುಗಳಿಗೂ ಇದೇ ಏರ್ಪಾಡನ್ನು ಮಾಡಿಕೊಳ್ಳಲು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಬಿಟ್ಟಿದೆ, ನಮ್ಮಲ್ಲಿ ಅದು ಜಾರಿಯಲ್ಲಿತ್ತು. ಕೌಂಟರಿನವರು ಪರದೆಯಲ್ಲಿ ನೋಂದಣಿ ನೋಡಿಕೊಂಡೇ 12 ಲಕ್ಷವನ್ನು ವರ್ಗ ಮಾಡಿದರು. ಚಿತ್ರದುರ್ಗದಲ್ಲಿ ಮಗಳು ಜಮಾ ಮಾಡಿದ ಚೆಕ್ಕಿನ 9 ಲಕ್ಷ ಸಂಜೆಯ ಹೊತ್ತಿಗೆ ನಮ್ಮ ಖಾತೆಯಿಂದ ಕಡಿತವಾಗಿತ್ತು. ಎರಡು ಹೆಸರಿನ ಆ ಚೆಕ್ಕಿನ ಬಗ್ಗೆಯೇ ನಮಗೆ ಅಳುಕಿದ್ದದ್ದು, ಅದು ಒಂದು ಪ್ರಶ್ನೆಯೂ ಇಲ್ಲದೆ ಪಾಸಾಯಿತು.

ಎಡವಟ್ಟಾದದ್ದು ಮಗನ ಚೆಕ್ಕಿನಲ್ಲಿ. ಆತ ಅದನ್ನು ಬೇರೊಂದು ಬ್ಯಾಂಕಿನ ದಾವಣಗೆರೆ ಶಾಖೆಯಲ್ಲಿ ಮಧ್ಯಾಹ್ನ ಜಮಾ ಮಾಡಿದ್ದ. ನಾಲ್ಕೂವರೆಯ ಸುಮಾರಿಗೆ ನನಗೊಂದು ಕರೆ ಬಂತು. "ಸರ್, ಬ್ಯಾಂಕಿಂದ ಮಾತಾಡ್ತಿದೀನಿ. ನಿಮ್ಮದೊಂದು ಚೆಕ್ ಬಂದಿದೆ, ಪಾಸಿಟಿವ್ ಪೇ ವಿವರಕ್ಕೆ ತಾಳೆ ಆಗ್ತಿಲ್ಲ" ಎಂದರು. ಇಂಥ ಕರೆಯನ್ನು ನಂಬುವ ಕಾಲ ಇದಲ್ಲ. ಒಟಿಪಿ ಕೇಳಲಿಲ್ಲವಾದರೂ, ಯಾವ ಚೆಕ್, ಎಷ್ಟು ಮೊತ್ತ ಎಂದು ಕೇಳಿದ್ದಕ್ಕೆ ನಾನು ಉತ್ತರಿಸದೆ, ಐದು ನಿಮಿಷದಲ್ಲಿ ನಾನೇ ಮಾಡುತ್ತೇನೆಂದು ಇಟ್ಟು, ಪಾಸ್‌ಬುಕ್ಕಿನಲ್ಲಿದ್ದ ಶಾಖೆಯ ಸ್ಥಿರ ದೂರವಾಣಿಗೆ ಕರೆ ಮಾಡಿದೆ. ಕರೆ ನಿಜವೇ ಆಗಿತ್ತು. ಮನೆಯಿಂದ ಶಾಖೆ ಹತ್ತಿರವಿದ್ದುದರಿಂದ ನೇರವಾಗಿ ಹೋದೆ.

ಅಧಿಕಾರಿ ತೋರಿಸಿದ ಪರದೆಯ ಎಡಗಡೆ ನನ್ನ ಚೆಕ್ಕಿನ ಚಿತ್ರವಿತ್ತು, ನನ್ನದೇ ಕೈಬರಹದಲ್ಲಿ ಒಂಬತ್ತು ಲಕ್ಷ, ಅಂಕೆಯಲ್ಲೂ 9,00,000. ಬಲಗಡೆ ಎರಡು ಸಾಲುಗಳು: ನಾನು ನೋಂದಾಯಿಸಿದ ಮೊತ್ತ 900000, ಜಮಾ ಮಾಡಿಸಿಕೊಂಡ ಬ್ಯಾಂಕು ಕಳಿಸಿದ ಮೊತ್ತ 90000. ಆ ಬ್ಯಾಂಕಿನಲ್ಲಿ ಮೊತ್ತವನ್ನು ಟೈಪ್ ಮಾಡುವಾಗ ಒಂದು ಸೊನ್ನೆ ಬಿಟ್ಟುಹೋಗಿತ್ತು. ಚೆಕ್ಕಿನ ಚಿತ್ರದೊಂದಿಗೆ ಹೋಗುವ ಮೊತ್ತವನ್ನು ಅಲ್ಲಿಯ ಸಿಬ್ಬಂದಿಯೇ ತುಂಬುತ್ತಾರೆ, ವ್ಯವಸ್ಥೆ ತಾಳೆ ಹಾಕುವುದು ಆ ಅಂಕೆಯನ್ನು. ಚೆಕ್ಕಿನಲ್ಲಿ ತಪ್ಪಿಲ್ಲ, ನೋಂದಣಿಯಲ್ಲಿ ತಪ್ಪಿಲ್ಲ, ಆದರೂ ಎರಡು ಸಂಖ್ಯೆಗಳು ಹೊಂದಲಿಲ್ಲ. ನಾನು ಆಗಲೇ ಅಲ್ಲಿಯೇ ಒಪ್ಪಿಗೆ ಬರೆದುಕೊಟ್ಟರೆ ಪಾಸಾಗುವುದೇ ಎಂದು ಕೇಳಿದೆ. ಆಗುವುದಿಲ್ಲ, ಆಗುವುದೂ ಬೇಡ ಎಂದರು, ಏಕೆಂದರೆ ಹಾಗೆ ಪಾಸು ಮಾಡಿದರೆ ಹೋಗುವುದು 90,000 ಮಾತ್ರ, ಒಂದೇ ಚೆಕ್ಕಿನ ಉಳಿದ 8,10,000ವನ್ನು ಮತ್ತೆ ಕೊಡಲು ದಾರಿಯಿರುವುದಿಲ್ಲ. ಏಳು ಗಂಟೆಯವರೆಗೆ ಸುಮ್ಮನಿದ್ದರೆ ಒಪ್ಪಿದಂತೆ ಆಗಿಬಿಡುವುದರಿಂದ ಅವರು ನನ್ನೆದುರಿಗೇ ಮೊತ್ತದ ವ್ಯತ್ಯಾಸದ ಕಾರಣ ಕೊಟ್ಟು ಅದನ್ನು ಹಿಂದಿರುಗಿಸಿದರು. ಪಾಸಿಟಿವ್ ಪೇ ನೋಂದಣಿ ಇಲ್ಲದೆ ಹೋಗಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದೆ 90,000 ಹೋಗಿಬಿಡುವ ಸಾಧ್ಯತೆ ಇತ್ತು, ಆಮೇಲೆ ಅದನ್ನು ಸರಿಪಡಿಸಲು ಎರಡು ಬ್ಯಾಂಕುಗಳ ನಡುವೆ ಎಷ್ಟು ದಿನ ಪತ್ರವ್ಯವಹಾರ ನಡೆಯಬೇಕಾಗುತ್ತಿತ್ತೋ.

ನನ್ನ ಮುಂದಿನ ಆತಂಕ ನೋಂದಣಿಯದು. ಒಂದು ಸಂಖ್ಯೆಗೆ ಒಂದೇ ನೋಂದಣಿ ಎಂದಮೇಲೆ, ಹಿಂದಿರುಗಿದ ಚೆಕ್ಕನ್ನು ಮತ್ತೆ ನೋಂದಾಯಿಸುವುದು ಹೇಗೆ? ಬೇಕಾಗಿಲ್ಲವೆಂದು ಅವರು ತಮ್ಮ ಪರದೆಯಲ್ಲೇ ತೋರಿಸಿದರು: ಚೆಕ್ ಹಣವಾಗದ್ದರಿಂದ ನೋಂದಣಿ ಹಾಗೆಯೇ ಉಳಿದಿತ್ತು. ಅದೇ ಚೆಕ್ ಸರಿಯಾದ ಮೊತ್ತದೊಂದಿಗೆ ಬಂದರೆ ತಾಳೆಯಾಗುತ್ತದೆ.

ಮಾರಿದವರ ಮಗನಿಗೆ ಅಲ್ಲಿಂದಲೇ ಫೋನ್ ಮಾಡಿ ವಿಷಯ ತಿಳಿಸಿದೆ. ಚೆಕ್ ವಾಪಸಾಯಿತು ಎಂಬ ಮಾತು ಕೇಳಿದೊಡನೆ ಆತನ ದನಿ ಬದಲಾದದ್ದು ಸಹಜ, ಕ್ರಯಪತ್ರಕ್ಕೆ ರುಜು ಹಾಕಿ ಒಂದು ದಿನವಷ್ಟೇ ಆಗಿತ್ತು. ಹಾಗಾಗಿ ಬಾಯಿಮಾತಿನಲ್ಲಿ ಬಿಡದೆ, ನೋಂದಣಿ ಸ್ವೀಕೃತವಾದ ಪುಟದ ಚಿತ್ರ, ಚೆಕ್ಕಿನ ಫೋಟೋ ಮತ್ತು ಆ ಹೊತ್ತಿನ ಖಾತೆಯ ಬಾಕಿಯ ಚಿತ್ರವನ್ನು ಕಳಿಸಿದೆ. "ನಿಮ್ಮ ಮೇಲೆ ಅನುಮಾನ ಇಲ್ಲಣ್ಣ, ಬ್ಯಾಂಕಿನವರನ್ನ ಕೇಳ್ತೀನಿ" ಎಂದ. ಹಣ ಪಡೆಯುವವರದಾಗಲಿ ಕೊಡುವವರದಾಗಲಿ ತಪ್ಪಿಲ್ಲದೆ ತಾಂತ್ರಿಕ ಕಾರಣಕ್ಕೆ ವಾಪಸಾದ ಚೆಕ್ಕನ್ನು, ಜಮಾ ಮಾಡಿಸಿಕೊಂಡ ಬ್ಯಾಂಕೇ ಮುಂದಿನ ಕ್ಲಿಯರಿಂಗಿಗೆ ತಾನಾಗಿ ಮತ್ತೆ ಕಳಿಸಬೇಕು, ಅದಕ್ಕೆ ಗ್ರಾಹಕರಿಂದ ಶುಲ್ಕ ಹಿಡಿಯಬಾರದು ಎಂದು ರಿಸರ್ವ್ ಬ್ಯಾಂಕಿನ 2013ರ ಸೂಚನೆ ಇದೆ. ಅದನ್ನು ನಮ್ಮ ಅಧಿಕಾರಿಯೇ ನನಗೆ ಹೇಳಿದ್ದರು, ನಾನು ಆತನಿಗೆ ಹೇಳಿದೆ. ಸೋಮವಾರ ಬೆಳಿಗ್ಗೆ ಆತ ಶಾಖೆಗೆ ಹೋಗಿ ಇದನ್ನೇ ಕೇಳಿದಾಗ, ಶನಿವಾರ ಹಿಡಿದಿದ್ದ ವಾಪಸಾತಿ ಶುಲ್ಕವನ್ನು ಅವರು ಮರಳಿ ಜಮಾ ಮಾಡಿದರು, ಚೆಕ್ಕನ್ನು ಸರಿಯಾದ ಮೊತ್ತದೊಂದಿಗೆ ಮತ್ತೆ ಕಳಿಸಿದರು.

ಅಂದು ಮಧ್ಯಾಹ್ನವೇ 9,00,000 ಕಡಿತವಾದ ಸಂದೇಶ ನನಗೆ ಬಂತು. ಸಂಜೆ ನಮ್ಮ ಆ್ಯಪಿನ ಪುಟದಲ್ಲಿ ಮೂರೂ ಚೆಕ್ಕುಗಳ ಮುಂದೆ ಪಾವತಿಯಾಗಿದೆ ಎಂದಿತ್ತು. ಖಾತೆಯ ಆ ವಾರದ ವಿವರಪಟ್ಟಿಯನ್ನು ಶಾಖೆಯ ಮೊಹರಿನೊಂದಿಗೆ ಪಡೆದು, ಮೂರು ಚೆಕ್ಕುಗಳ ಫೋಟೋ ಪ್ರತಿಗಳ ಜೊತೆ ಕ್ರಯಪತ್ರದ ಕಡತಕ್ಕೆ ಸೇರಿಸಿದ್ದೇವೆ.